ರಾತ್ರಿ ಚಿತ್ರದ ಹರಕು ಅಂಚು

ಬಯಲಾಟದ ರಾತ್ರಿ ತೆಗೆದ ಚಿತ್ರವೊಂದರಿಂದ ವೇಷವನ್ನಷ್ಟೇ ಬಿಡಿಸಿಕೊಂಡು ಪೋಸ್ಟರಿಗೆ ಹಾಕಬೇಕಾಗಿದೆ ಎಂದಿಟ್ಟುಕೊಳ್ಳಿ. ಕೆಂಪು ದಗಲೆ ತೊಟ್ಟ ವೇಷಧಾರಿ, ಕೈಯಲ್ಲಿ ಬಿಲ್ಲು, ಹಿಂದೆ ಕಡುನೀಲಿ ಪರದೆ. ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿದೆ. ಪರದೆ ಎಲ್ಲಿ ಮುಗಿಯುತ್ತದೆ, ದಗಲೆ ಎಲ್ಲಿ ಶುರುವಾಗುತ್ತದೆ ಎಂದು ಚಿಕ್ಕ ಮಗುವೂ ಬೆರಳಿಟ್ಟು ತೋರಿಸೀತು. ಆದರೆ ಕಂಪ್ಯೂಟರಿನಲ್ಲಿ ಚಿತ್ರ ತೆರೆದು, ಒಂದೇ ಬಣ್ಣದ ಜಾಗವನ್ನು ತಾನಾಗಿ ಗುರುತಿಸುವ ಸೆಲೆಕ್ಷನ್ ಉಪಕರಣವನ್ನು ಪರದೆಯ ಮೇಲೆ ಒತ್ತಿದರೆ ಬೇರೆಯದೇ ನೋಟ. ವೇಷದ ಸುತ್ತ ಒಂದು ಗೆರೆ ಬರುವ ಬದಲು ಪರದೆಯ ತುಂಬ ನೂರಾರು ಪುಟ್ಟ ಪುಟ್ಟ ಸುತ್ತುಗಳು ಮಿಣಮಿಣ ಎನ್ನುತ್ತವೆ. ವೇಷದ ಅಂಚು ಹಲ್ಲುಹಲ್ಲಾಗಿರುತ್ತದೆ. ಕೆಲವು ಕಡೆ ಗೆರೆ ದಗಲೆಯ ಒಳಕ್ಕೇ ನುಗ್ಗಿರುತ್ತದೆ. ಹಾಗೆಯೇ ಅಳಿಸಿದರೆ ಹಿಂದೆ ನೀಲಿ ಪುಡಿ ಉದುರಿದಂತೆ ಉಳಿಯುತ್ತದೆ, ದೊಡ್ಡ ಫ್ಲೆಕ್ಸ್‌ನಲ್ಲಿ ಮುದ್ರಿಸಿದಾಗ ಅದು ಇನ್ನೂ ಎದ್ದು ಕಾಣುತ್ತದೆ.

ಹಗಲಿನಲ್ಲಿ ತೆಗೆದ ಚಿತ್ರದಲ್ಲಿ ಇದೇ ಉಪಕರಣ ಒಂದೇ ಒತ್ತಿಗೆ ಕೆಲಸ ಮುಗಿಸುತ್ತದೆ. ಹಾಗಾಗಿ ತಪ್ಪು ಉಪಕರಣದ್ದಲ್ಲ. ಕತ್ತಲ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಅದಕ್ಕೆ ದಾರಿ ತಪ್ಪಿಸುತ್ತಿದೆ.

ನಾಯ್ಸ್ ಎಂದರೆ ಕ್ಯಾಮೆರಾದ ಕೊರತೆ ಎಂದು ಹಲವರು ತಿಳಿಯುತ್ತಾರೆ. ಸ್ವಲ್ಪ ಮಟ್ಟಿಗೆ ಅದು ಸರಿಯೇ, ಸೆನ್ಸರಿನ ವಿದ್ಯುತ್ ಸಂಕೇತವನ್ನು ಓದುವಾಗಲೂ ಒಂದಿಷ್ಟು ಏರುಪೇರು ಸೇರಿಕೊಳ್ಳುತ್ತದೆ. ಆದರೆ ಬಹುಪಾಲು ಏರುಪೇರು ಬೆಳಕಿನ ಸ್ವಭಾವದಲ್ಲಿಯೇ ಇದೆ. ಬೆಳಕು ಫೋಟಾನ್ ಎಂಬ ಕಣಗಳಾಗಿ ಬರುತ್ತದೆ, ಅವು ಬರುವುದು ಲೆಕ್ಕ ಹಾಕಿಕೊಂಡು ಅಲ್ಲ. ಒಂದೇ ಬಣ್ಣದ, ಒಂದೇ ಬೆಳಕು ಬಿದ್ದ ಬಟ್ಟೆಯ ಚಿತ್ರ ತೆಗೆದರೂ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳಿಗೆ ಸಿಗುವ ಕಣಗಳ ಸಂಖ್ಯೆ ಒಂದೇ ಆಗಿರುವುದಿಲ್ಲ. ಸರಾಸರಿ ಎಷ್ಟು ಕಣ ಬೀಳುತ್ತವೆಯೋ ಅದರ ವರ್ಗಮೂಲದಷ್ಟು ಏರುಪೇರು ಸಹಜ. ಬಿಸಿಲಿನಲ್ಲಿ ಒಂದು ಪಿಕ್ಸೆಲ್‌ಗೆ 10,000 ಕಣ ಸಿಕ್ಕರೆ ಏರುಪೇರು ಸುಮಾರು 100, ಅಂದರೆ ಶೇಕಡಾ ಒಂದು. ಅದು ಕಣ್ಣಿಗೆ ಕಾಣದು. ರಾತ್ರಿ ಅದೇ ಪಿಕ್ಸೆಲ್‌ಗೆ 100 ಕಣ ಮಾತ್ರ ಸಿಕ್ಕರೆ ಏರುಪೇರು 10, ಅಂದರೆ ಶೇಕಡಾ ಹತ್ತು. ಐಎಸ್‌ಒ ಹೆಚ್ಚಿಸಿದರೆ ಹೊಸ ಬೆಳಕೇನೂ ಬರುವುದಿಲ್ಲ. ಸಿಕ್ಕ ಅಲ್ಪ ಬೆಳಕಿನ ಸಂಕೇತ ಹಿಗ್ಗುತ್ತದೆ, ಅದರ ಜೊತೆಗೆ ಏರುಪೇರೂ ಹಿಗ್ಗುತ್ತದೆ.

ಇನ್ನು ಸೆಲೆಕ್ಷನ್ ಉಪಕರಣ ಏನು ಮಾಡುತ್ತದೆ ನೋಡೋಣ. ಉಚಿತವಾಗಿ ಸಿಗುವ GIMP ತಂತ್ರಾಂಶದಲ್ಲಿ ಇದರ ಹೆಸರು `Fuzzy Select`, ಫೋಟೋಶಾಪ್‌ನಲ್ಲಿ `Magic Wand`. ಎರಡರ ತರ್ಕವೂ ಸರಳ. ನೀವು ಒತ್ತಿದ ಪಿಕ್ಸೆಲ್‌ನ ಬಣ್ಣದ ಅಂಕಿಯನ್ನು ಓದಿಕೊಳ್ಳುತ್ತದೆ. ಪಕ್ಕದ ಪಿಕ್ಸೆಲ್‌ನ ಅಂಕಿ ಅದಕ್ಕೆ ಹತ್ತಿರವಿದ್ದರೆ ಒಳಗೆ ಸೇರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹೊರಗಿಡುತ್ತದೆ. ಸೇರಿಸಿಕೊಂಡದ್ದರ ಪಕ್ಕದ್ದನ್ನು ನೋಡುತ್ತದೆ, ಅದರ ಪಕ್ಕದ್ದನ್ನು ನೋಡುತ್ತದೆ, ಹೀಗೆ ಹಬ್ಬುತ್ತಾ ಹೋಗುತ್ತದೆ. ಎಷ್ಟು ಹತ್ತಿರವಿದ್ದರೆ ಸಾಕು ಎಂಬುದನ್ನು ನಾವು ಹೇಳಬೇಕು. GIMPನಲ್ಲಿ ಅದು `Threshold`, ಫೋಟೋಶಾಪ್‌ನಲ್ಲಿ `Tolerance`. ಬಣ್ಣದ ಅಂಕಿಗಳು 0ಯಿಂದ 255ರವರೆಗೆ ಇರುತ್ತವೆ. ಇದು ಪರದೆ, ಇದು ದಗಲೆ ಎಂಬ ಅರಿವು ಈ ಉಪಕರಣಕ್ಕೆ ಇಲ್ಲ. ಅದಕ್ಕೆ ಗೊತ್ತಿರುವುದು ಅಂಕಿ ಮಾತ್ರ.

ನಮ್ಮ ಚಿತ್ರವನ್ನೇ ಅಂಕಿಗಳಲ್ಲಿ ನೋಡೋಣ. ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಲ್ಲಿ ಸದ್ಯಕ್ಕೆ ಕೆಂಪನ್ನು ಮಾತ್ರ ತೆಗೆದುಕೊಳ್ಳೋಣ. ಪರದೆಯ ಸರಾಸರಿ 30, ದಗಲೆಯ ನೆರಳಿನ ಮಗ್ಗುಲಿನ ಸರಾಸರಿ 62 ಇದೆಯೆನ್ನಿ. ನಡುವೆ 32ರ ಅಂತರ, ಕಣ್ಣಿಗೆ ಧಾರಾಳ ಸಾಕು. ಆದರೆ ನಾಯ್ಸ್‌ನಿಂದಾಗಿ ಪ್ರತಿ ಪಿಕ್ಸೆಲ್ ತನ್ನ ಸರಾಸರಿಯಿಂದ ಸುಮಾರು 12ರಷ್ಟು ಆಚೀಚೆ ಸರಿಯುತ್ತದೆ, ಕೆಲವು ಇನ್ನೂ ಹೆಚ್ಚು. `Threshold` 15 ಇಟ್ಟು, ಅದೃಷ್ಟಕ್ಕೆ ಸರಿಯಾಗಿ 30 ಇರುವ ಪಿಕ್ಸೆಲ್ ಮೇಲೆಯೇ ಒತ್ತಿದಿರಿ ಎನ್ನೋಣ. 15ರಿಂದ 45ರವರೆಗಿನ ಪಿಕ್ಸೆಲ್‌ಗಳಿಗೆ ಪ್ರವೇಶ. ಆಗಲೂ ಪರದೆಯ ಐದರಲ್ಲಿ ಒಂದು ಪಿಕ್ಸೆಲ್ ಹೊರಗುಳಿಯುತ್ತದೆ. ಒತ್ತಿದ ಪಿಕ್ಸೆಲ್ಲೇ ನಾಯ್ಸ್‌ನಿಂದ 42ಕ್ಕೆ ಏರಿದ್ದರೆ ಪ್ರವೇಶದ ಮಿತಿ 27ರಿಂದ 57 ಆಗುತ್ತದೆ. ಹತ್ತರಲ್ಲಿ ನಾಲ್ಕು ಹೊರಗೆ. ಒಂದೇ ಪರದೆಯ ಮೇಲೆ ಎರಡು ಸಲ ಒತ್ತಿದರೆ ಎರಡು ಬೇರೆ ಬೇರೆ ಸೆಲೆಕ್ಷನ್ ಬರುವುದು ಇದಕ್ಕೇ.

ಸರಿ, ಮಿತಿಯನ್ನು ಹೆಚ್ಚಿಸೋಣ ಎಂದು ಎಲ್ಲರಿಗೂ ಹೊಳೆಯುತ್ತದೆ. 30ಕ್ಕೆ ಏರಿಸಿದರೆ 60ರವರೆಗಿನ ಎಲ್ಲವೂ ಒಳಗೆ. ಪರದೆಯಂತೂ ಪೂರ್ತಿ ಬಂತು. ಆದರೆ 62 ಸರಾಸರಿಯ ದಗಲೆಯಲ್ಲೂ 60ಕ್ಕಿಂತ ಕೆಳಗಿಳಿದ ಪಿಕ್ಸೆಲ್‌ಗಳು ನೂರಕ್ಕೆ 43ರಷ್ಟು ಇವೆ! ಅವೂ ಬಂದವು. ಕಡಿಮೆ ಇಟ್ಟರೆ ಪರದೆಯಲ್ಲಿ ತೂತು, ಹೆಚ್ಚಿಟ್ಟರೆ ದಗಲೆಯಲ್ಲಿ ತೂತು. ಎರಡೂ ಗುಂಪಿನ ಅಂಕಿಗಳು ಒಂದರೊಳಗೊಂದು ಬೆರೆತಿರುವಾಗ ಯಾವ ಮಿತಿಯೂ ಅವನ್ನು ಬೇರ್ಪಡಿಸಲಾರದು. ಸ್ಲೈಡರನ್ನು ಅತ್ತಿತ್ತ ಎಳೆದಾಡುತ್ತಾ ಗಂಟೆಗಟ್ಟಲೆ ಕೂರುವವರು ಈ ಮಾತನ್ನು ಮನದಟ್ಟು ಮಾಡಿಕೊಳ್ಳಬೇಕು. ಆ ಸ್ಲೈಡರಿನಲ್ಲಿ ಸರಿಯಾದ ಜಾಗ ಎಂಬುದು ಇಲ್ಲವೇ ಇಲ್ಲ.

ಇದರ ಮೇಲೆ ಸೋರಿಕೆ ಬೇರೆ. ಗದ್ದೆಯ ಬದುವಿನಲ್ಲಿ ಏಡಿ ಕೊರೆದ ಒಂದೇ ಒಂದು ಬಿಲವಿದ್ದರೂ ಸಾಕು, ಬೆಳಗಾಗುವಷ್ಟರಲ್ಲಿ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಯಲ್ಲಿರುತ್ತದೆ. ಸೆಲೆಕ್ಷನ್ ಹಬ್ಬುವುದೂ ಹಾಗೆಯೇ. ವೇಷದ ಅಂಚಿನಲ್ಲಿ ಒಂದು ಪಿಕ್ಸೆಲ್ ತಪ್ಪಾಗಿ ಕಪ್ಪಾಗಿದ್ದರೆ ಅದೇ ದಾರಿ. ಒಳಗೆ ಇನ್ನೊಂದು ಸಿಕ್ಕರೆ ಇನ್ನೂ ಒಳಕ್ಕೆ. ಎಷ್ಟು ದೂರ ಹೋದೀತು ಎಂಬುದಕ್ಕೆ ಗಣಿತದಲ್ಲಿ ಸೊಗಸಾದ ಉತ್ತರವಿದೆ. ಚೌಕಗಳ ಹಾಸಿನಲ್ಲಿ ಎಲ್ಲೆಂದರಲ್ಲಿ ತೆರೆದ ಚೌಕಗಳಿದ್ದು, ಮೇಲೆ ಕೆಳಗೆ ಎಡ ಬಲ ಮಾತ್ರ ದಾಟಬಹುದಾದರೆ, ಒಟ್ಟಿನಲ್ಲಿ ಸುಮಾರು ಶೇಕಡಾ 59 ಚೌಕಗಳು ತೆರೆದಿದ್ದರೆ ಮಾತ್ರ ಹಾಸಿನ ಉದ್ದಕ್ಕೂ ದಾರಿ ಸಿಗುತ್ತದೆ. ಮೂಲೆಯಿಂದ ಮೂಲೆಗೂ ದಾಟಬಹುದಾದರೆ ಸುಮಾರು ಶೇಕಡಾ 41 ತೆರೆದಿದ್ದರೂ ಸಾಕು. ನಮ್ಮ ದಗಲೆಯಲ್ಲಿ ಶೇಕಡಾ 43 ತೆರೆದಿತ್ತಲ್ಲ, ಮೂಲೆ ದಾಟಲು ಬಿಟ್ಟರೆ ಸೆಲೆಕ್ಷನ್ ದಗಲೆಯ ಉದ್ದಗಲಕ್ಕೂ ಹಬ್ಬಿತು ಎಂದೇ ಅರ್ಥ. ಹಾಗಾಗಿ GIMPನ `Diagonal neighbors` ಎಂಬ ಆಯ್ಕೆಯನ್ನು ರಾತ್ರಿ ಚಿತ್ರಗಳಲ್ಲಿ ಆರಿಸಿಯೇ ಇಡಬೇಕು.

ಅಂಚು ಹಲ್ಲುಹಲ್ಲಾಗುವುದಕ್ಕೂ ಇದೇ ಕಾರಣ. ಅಂಚಿನ ಪಿಕ್ಸೆಲ್ ಅರ್ಧ ಪರದೆ, ಅರ್ಧ ದಗಲೆ. ಅದರ ಅಂಕಿ ನಡುವೆ ಎಲ್ಲೋ 46ರ ಸುಮಾರಿಗೆ ಇರುತ್ತದೆ, ಅಂದರೆ ನಮ್ಮ 45ರ ಮಿತಿಯ ಪಕ್ಕದಲ್ಲೇ. ಒಳಗೋ ಹೊರಗೋ ಎಂಬುದನ್ನು ಅಲ್ಲಿ ತೀರ್ಮಾನಿಸುವುದು ಆಕಾರವಲ್ಲ, ನಾಯ್ಸ್. ಒಂದು ಒಳಗೆ, ಪಕ್ಕದ್ದು ಹೊರಗೆ, ಅದರ ಪಕ್ಕದ್ದು ಮತ್ತೆ ಒಳಗೆ.

ಪರಿಹಾರಕ್ಕೆ ಬರೋಣ. ಬಣ್ಣದ ಅಂತರವನ್ನು ನಾವು ಹೆಚ್ಚಿಸಲಾರೆವು, ಏರುಪೇರನ್ನು ತಗ್ಗಿಸಬಲ್ಲೆವು. 25 ಪಿಕ್ಸೆಲ್‌ಗಳ ಸರಾಸರಿ ತೆಗೆದರೆ ಏರುಪೇರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಸರಾಸರಿಯ ಬದಲು ಅವುಗಳನ್ನು ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ನಡುವಿನದನ್ನು ಆರಿಸಿದರೆ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ 12 ಇದ್ದದ್ದು 3 ಆಗುತ್ತದೆ. ಈಗ ಅದೇ 15ರ ಮಿತಿ ಇಡಿ. ಪರದೆಯ ಪಿಕ್ಸೆಲ್‌ಗಳೆಲ್ಲ 30ರ ಆಸುಪಾಸಿನಲ್ಲೇ ಇವೆ, ಬಹುತೇಕ ಎಲ್ಲವೂ ಒಳಗೆ. ದಗಲೆಯ ಪಿಕ್ಸೆಲ್ 45ಕ್ಕೆ ಇಳಿಯುವ ಸಂಭವವೇ ಇಲ್ಲವೆನ್ನಬಹುದು. ಉಪಕರಣ ಅದೇ, ಮಿತಿ ಅದೇ, ಫಲಿತಾಂಶ ಬೇರೆ.

ಆದರೆ ಚಿತ್ರವನ್ನೇ ಇಷ್ಟು ನುಣುಪು ಮಾಡಿದರೆ ವೇಷಧಾರಿಯ ಮುಖದ ಬಣ್ಣಗಾರಿಕೆ, ಕಸೆ ಸೀರೆಯ ಚೌಕುಳಿ ಎಲ್ಲ ಮೇಣದಂತಾಗುತ್ತದೆ. ಇದಕ್ಕೆ ಹೆದರಿಯೇ ಅನೇಕರು ನಾಯ್ಸ್ ತೆಗೆಯಲು ಮುಂದಾಗುವುದಿಲ್ಲ. ಹೆದರಬೇಕಿಲ್ಲ. ಚಿತ್ರದ ನಕಲೊಂದನ್ನು ನುಣುಪು ಮಾಡಿ, ಸೆಲೆಕ್ಷನ್ ಅನ್ನು ಆ ನಕಲಿನ ಮೇಲೆ ಮಾಡಿ, ಅದನ್ನು ಬಳಸುವುದು ಮೂಲದ ಮೇಲೆ. GIMPನಲ್ಲೂ ಫೋಟೋಶಾಪ್‌ನಲ್ಲೂ ಸೆಲೆಕ್ಷನ್ ಎಂಬುದು ಒಂದು ಲೇಯರಿಗೆ ಅಂಟಿಕೊಂಡಿರುವುದಿಲ್ಲ, ಇಡೀ ಚಿತ್ರಕ್ಕೆ ಸೇರಿರುತ್ತದೆ. ಲೇಯರ್ ಬದಲಿಸಿದರೂ ಅದು ಇದ್ದಲ್ಲೇ ಇರುತ್ತದೆ. ಈ ಒಂದು ಸಂಗತಿ ತಿಳಿದಿದ್ದರೆ ಅರ್ಧ ತಲೆನೋವು ಹೋದಂತೆ.

GIMPನಲ್ಲಿ ಕೆಲಸ ಹೀಗೆ ಸಾಗುತ್ತದೆ. ಚಿತ್ರ ತೆರೆದು `Layer > Duplicate Layer` ಕೊಡಿ. ಮೇಲಿನ ನಕಲನ್ನು ಆರಿಸಿ `Filters > Blur > Median Blur` ತೆರೆಯಿರಿ. `Neighborhood` ಎಂಬಲ್ಲಿ `Square` ಆರಿಸಿದರೆ `Radius` 2 ಎಂದರೆ ಐದು ಪಿಕ್ಸೆಲ್ ಅಗಲ, ಐದು ಪಿಕ್ಸೆಲ್ ಎತ್ತರದ ಕಿಟಕಿ, ಮೇಲೆ ಲೆಕ್ಕ ಹಾಕಿದ 25 ಪಿಕ್ಸೆಲ್ ಅದೇ. GIMP 3 ಬಳಸುವವರು ಫಿಲ್ಟರ್ ಕಿಟಕಿಯಲ್ಲಿ `Merge filter` ಎಂಬಲ್ಲಿ ಗುರುತು ಹಾಕಬೇಕು, ಆಗ ಬದಲಾವಣೆ ಲೇಯರಿನ ಪಿಕ್ಸೆಲ್‌ಗಳಿಗೇ ಇಳಿಯುತ್ತದೆ. ಆಮೇಲೆ `Fuzzy Select` ಹಿಡಿದು ಪರದೆಯ ಮೇಲೆ ಒತ್ತಿ. ಒತ್ತಿದ ಬೆರಳನ್ನು ಬಿಡದೆ ಮೌಸ್ ಎಳೆದರೆ ಮಿತಿ ಹಿಗ್ಗುತ್ತದೆ, ಕುಗ್ಗುತ್ತದೆ. ಗೆರೆ ವೇಷದ ಅಂಚಿಗೆ ಬಂದು ನಿಂತಾಗ ಬಿಡಿ. ಬಿಲ್ಲಿನ ಒಳಗೆ, ತೋಳಿನ ಸಂದಿನಲ್ಲಿ ಸಿಕ್ಕಿಬಿದ್ದ ಪರದೆಯ ತುಂಡುಗಳನ್ನು `Shift` ಒತ್ತಿಹಿಡಿದು ಒಂದೊಂದಾಗಿ ಸೇರಿಸಿಕೊಳ್ಳಿ.

ಕಾಗದದ ಮೇಲಿನ ಲೆಕ್ಕ ಚಿತ್ರದಲ್ಲಿ ಪೂರ್ತಿ ನಿಜವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಪ್ರತಿ ಪಿಕ್ಸೆಲ್‌ನ ಏರುಪೇರು ಪಕ್ಕದ್ದಕ್ಕೆ ಸಂಬಂಧವಿಲ್ಲದ್ದು ಎಂದು ಆ ಲೆಕ್ಕ ನಂಬುತ್ತದೆ. ವಾಸ್ತವದಲ್ಲಿ ಸಾಮಾನ್ಯ ಸೆನ್ಸರಿನ ಒಂದು ಪಿಕ್ಸೆಲ್ ಒಂದೇ ಬಣ್ಣವನ್ನು ಅಳೆಯುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯಲ್ಲಿ ನಾಲ್ಕು ಪಿಕ್ಸೆಲ್‌ಗಳಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಉಳಿದ ಎರಡು ಬಣ್ಣಗಳನ್ನು ಕ್ಯಾಮೆರಾ ನೆರೆಯ ಪಿಕ್ಸೆಲ್‌ಗಳಿಂದ ಊಹಿಸಿ ತುಂಬುತ್ತದೆ. ಹೀಗಾಗಿ ಒಂದು ಪಿಕ್ಸೆಲ್‌ನ ತಪ್ಪು ಅಕ್ಕಪಕ್ಕಕ್ಕೂ ಹರಡುತ್ತದೆ. ಕೆಂಪು ಮತ್ತು ನೀಲಿ ಚಾನೆಲ್‌ಗಳಲ್ಲಿ ಒಂಟಿ ಕಾಳುಗಳ ಬದಲು ಅಗಲವಾದ ಕಲೆಗಳು ಕಾಣುವುದು ಇದರಿಂದ. ಮೊಬೈಲ್ ಚಿತ್ರಗಳಲ್ಲಿ ಇನ್ನೂ ಅಗಲ, ಏಕೆಂದರೆ ಮೊಬೈಲ್ ತಾನೇ ಒಂದು ಸುತ್ತು ನಾಯ್ಸ್ ತೆಗೆದಿರುತ್ತದೆ. ಆದ್ದರಿಂದ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಕಲೆ ಎಷ್ಟು ಪಿಕ್ಸೆಲ್ ಅಗಲವಿದೆ ಎಂದು ಎಣಿಸಿ. ಮೂರು ನಾಲ್ಕು ಪಿಕ್ಸೆಲ್ ಅಗಲದ ಕಲೆಯ ಮುಂದೆ ಐದು ಪಿಕ್ಸೆಲ್ ಕಿಟಕಿಯ ಆಟ ನಡೆಯದು. `Radius` 4ಕ್ಕೋ 5ಕ್ಕೋ ಏರಿಸಬೇಕಾಗುತ್ತದೆ. ಸರಿಯಾಯಿತೇ ಎಂದು ತಿಳಿಯುವುದು ಸುಲಭ. ಪರದೆಯ ಮಧ್ಯೆ ಮಿಣುಕುವ ಪುಟ್ಟ ಸುತ್ತುಗಳು ಉಳಿದಿವೆಯಾದರೆ ಸಾಲದು ಎಂದರ್ಥ.

ಮಬ್ಬು ಮಾಡಲು ಹೆಚ್ಚಿನವರ ಕೈಗೆ ಮೊದಲು ಸಿಗುವುದು `Gaussian Blur`. ಅದನ್ನು ಇಲ್ಲಿ ಬಳಸಬೇಡಿ. ಅದು ನಾಯ್ಸ್ ಜೊತೆಗೆ ಅಂಚನ್ನೂ ಕರಗಿಸಿ ಪರದೆಯಿಂದ ದಗಲೆಗೆ ಒಂದು ಇಳಿಜಾರು ಮಾಡಿಬಿಡುತ್ತದೆ. ಆ ಇಳಿಜಾರಿನಲ್ಲಿ ಗೆರೆ ಎಲ್ಲಿ ನಿಲ್ಲುತ್ತದೆ ಎಂಬುದು ನೀವಿಟ್ಟ ಮಿತಿಯ ಮೇಲೆ ಹೋಗುತ್ತದೆ. ಗೆರೆ ನಯವಾಗಿ ಕಾಣುತ್ತದೆ, ಆದರೆ ನಿಜವಾದ ಅಂಚಿನಿಂದ ಎರಡು ಮೂರು ಪಿಕ್ಸೆಲ್ ಸರಿದಿರುತ್ತದೆ. ಮೀಡಿಯನ್ ಹಾಗಲ್ಲ. ಅದು ಇದ್ದ ಅಂಕಿಗಳಲ್ಲಿ ಒಂದನ್ನು ಆರಿಸುತ್ತದೆಯೇ ಹೊರತು ಬೆರೆಸುವುದಿಲ್ಲ, ಹಾಗಾಗಿ ನೇರ ಅಂಚು ಇದ್ದಲ್ಲೇ ಉಳಿಯುತ್ತದೆ. `Selective Gaussian Blur` ಕೂಡ ಒಳ್ಳೆಯದೇ, ತನ್ನಿಂದ ಬಹಳ ಭಿನ್ನವಾದ ಪಿಕ್ಸೆಲ್‌ಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫೋಟೋಶಾಪ್ ಬಳಸುವವರಿಗೆ `Filter > Noise > Median` ಇದೆ. ಅಲ್ಲಿ `Sample Size` ಎಂಬಲ್ಲಿ `5 by 5 Average` ಆರಿಸಿದರೆ ಒತ್ತಿದ ಜಾಗದ ಸರಾಸರಿಯನ್ನು ಉಪಕರಣ ಓದಿಕೊಳ್ಳುತ್ತದೆ. ಅದರಿಂದ ಒತ್ತುವ ಜಾಗದ ಅದೃಷ್ಟದಾಟ ನಿಲ್ಲುತ್ತದೆ, ಉಳಿದ ಪಿಕ್ಸೆಲ್‌ಗಳ ನಾಯ್ಸ್ ಹಾಗೇ ಇರುತ್ತದೆ.

ಮೀಡಿಯನ್ನಿಗೂ ಒಂದು ದೋಷವಿದೆ, ನಮ್ಮ ಚಿತ್ರದಲ್ಲಿ ಅದು ತಕ್ಷಣ ಕಾಣುತ್ತದೆ. ಬಿಲ್ಲಿನ ಹೆದೆ ಮಾಯವಾಗುತ್ತದೆ. ಎರಡು ಪಿಕ್ಸೆಲ್ ಅಗಲದ ಹೆದೆ ಐದು ಪಿಕ್ಸೆಲ್ ಕಿಟಕಿಯಲ್ಲಿ ಯಾವಾಗಲೂ ಅಲ್ಪಸಂಖ್ಯಾತ. 25ರಲ್ಲಿ 10 ಮಾತ್ರ ಹೆದೆಯವು, 15 ಪರದೆಯವು, ನಡುವಿನದು ಪರದೆಯದೇ ಆಗಿರುತ್ತದೆ. ಮುಂಡಾಸಿನ ಚೂಪು ಮೂಲೆಗಳು ದುಂಡಗಾಗುವುದೂ ಹೀಗೆಯೇ. ಇವನ್ನು ಕೈಯಿಂದ ಸರಿಪಡಿಸಬೇಕು. `Shift+Q` ಒತ್ತಿದರೆ ಕ್ವಿಕ್ ಮಾಸ್ಕ್ ಬರುತ್ತದೆ, ಸೆಲೆಕ್ಷನ್ನಿನ ಹೊರಗಿನ ಭಾಗಕ್ಕೆಲ್ಲ ಕೆಂಪು ಛಾಯೆ. ನಕಲಿನ ಲೇಯರ್ ಮುಚ್ಚಿ ಮೂಲವನ್ನು ನೋಡುತ್ತಾ, ಸಣ್ಣ ಕಪ್ಪು ಕುಂಚದಿಂದ ಹೆದೆಯ ಮೇಲೆ ಒಂದು ಗೆರೆ ಎಳೆದರೆ ಅದು ಮತ್ತೆ ವೇಷದ ಕಡೆಗೆ ಸೇರುತ್ತದೆ. ನೇರ ಗೆರೆಗೆ ಒಂದು ತುದಿಯಲ್ಲಿ ಒತ್ತಿ, `Shift` ಹಿಡಿದು ಇನ್ನೊಂದು ತುದಿಯಲ್ಲಿ ಒತ್ತಿದರಾಯಿತು. ಮತ್ತೆ `Shift+Q`.

ಈಗ ಮೂಲ ಲೇಯರಿಗೆ ಬನ್ನಿ. ಆರಿಸಿರುವುದು ಪರದೆ, ನಮಗೆ ಬೇಕಾದದ್ದು ವೇಷ. ಆದ್ದರಿಂದ `Select > Invert`, ನಂತರ `Select > Shrink` ಕೊಟ್ಟು ಒಂದು ಪಿಕ್ಸೆಲ್ ಒಳಗೆ ಸರಿಸಿದರೆ ಅಂಚಿನ ನೀಲಿ ಎಳೆ ಹೊರಗುಳಿಯುತ್ತದೆ. ಹೆದೆಯಂತಹ ಸಪೂರ ಗೆರೆ ಇದ್ದರೆ ಮಾತ್ರ ಈ ಹೆಜ್ಜೆಯನ್ನು ಹೆದೆ ಬರೆಯುವ ಮೊದಲೇ ಮಾಡಿಕೊಳ್ಳಿ, ಇಲ್ಲವಾದರೆ ಬರೆದ ಗೆರೆಯೇ ಸವೆದುಹೋಗುತ್ತದೆ. ಆಗ ಆರಿಸಿರುವುದು ವೇಷವಾದ್ದರಿಂದ ಹೆದೆಯನ್ನು ಬಿಳಿ ಕುಂಚದಿಂದ ಬರೆಯಬೇಕು. `Select > Feather` ಒಂದು ಪಿಕ್ಸೆಲ್ ಸಾಕು. ಕೊನೆಗೆ ಅಳಿಸುವ ಬದಲು `Layer > Mask > Add Layer Mask` ಕೊಟ್ಟು `Selection` ಆರಿಸಿ. ನಾಳೆ ತಪ್ಪು ಕಂಡರೆ ತಿದ್ದಲು ದಾರಿ ಇರುತ್ತದೆ.

ಚಾನೆಲ್ ವಿಷಯವನ್ನು ಮತ್ತೆ ಪ್ರಸ್ತಾಪಿಸಬೇಕು, ಏಕೆಂದರೆ ಲೆಕ್ಕಕ್ಕೆ ಕೆಂಪನ್ನು ತೆಗೆದುಕೊಂಡದ್ದು ಸುಮ್ಮನೆ ಅಲ್ಲ. `Fuzzy Select` ಸಾಮಾನ್ಯವಾಗಿ `Composite` ಎಂಬ ಕ್ರಮದಲ್ಲಿ ಮೂರೂ ಚಾನೆಲ್‌ಗಳನ್ನು ನೋಡುತ್ತದೆ, ಯಾವುದಾದರೂ ಒಂದು ಮಿತಿ ಮೀರಿದರೂ ಪಿಕ್ಸೆಲ್ ಹೊರಗೆ. ಹಳದಿ ದೀಪದ ಕೆಳಗೆ ನೀಲಿ ಬೆಳಕು ತೀರಾ ಕಡಿಮೆ. ವೈಟ್ ಬ್ಯಾಲೆನ್ಸ್ ಸರಿಮಾಡಲು ಕ್ಯಾಮೆರಾ ಆ ನೀಲಿಯನ್ನೇ ಹೆಚ್ಚು ಹಿಗ್ಗಿಸುತ್ತದೆ, ನೀಲಿ ಚಾನೆಲ್ ಹೆಚ್ಚು ಕಾಳುಕಾಳಾಗುತ್ತದೆ. ಅದೊಂದು ಸಾಕು ಇಡೀ ಸೆಲೆಕ್ಷನ್ ಕೆಡಿಸಲು. `Select by` ಎಂಬಲ್ಲಿ `Red` ಆರಿಸಿದರೆ ಆ ಗಲಾಟೆಯನ್ನು ಹೊರಗಿಟ್ಟಂತಾಯಿತು. ಜೊತೆಗೆ ಕೆಂಪು ದಗಲೆ, ನೀಲಿ ಪರದೆಗಳ ನಡುವಿನ ಅಂತರ ಕೆಂಪು ಚಾನೆಲ್‌ನಲ್ಲೇ ದೊಡ್ಡದು. ಹಸಿರು ದಗಲೆಯಾದರೆ `Green` ನೋಡಿ. `Channels` ಪಟ್ಟಿಯಲ್ಲಿ ಕಣ್ಣಿನ ಗುರುತುಗಳನ್ನು ಒಂದೊಂದಾಗಿ ಆರಿಸಿ ಉರಿಸಿ ನೋಡಿದರೆ ಯಾವುದರಲ್ಲಿ ವೇಷ ಚೆನ್ನಾಗಿ ಎದ್ದು ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ.

ಕೆಲಸದ ಕ್ರಮವೂ ಮುಖ್ಯ. ಕತ್ತಲೆ ಚಿತ್ರ ಕಂಡೊಡನೆ ಕರ್ವ್ಸ್ ತೆರೆದು ಬೆಳಗಿಸುವುದು, ಶಾರ್ಪ್ ಮಾಡುವುದು ಹಲವರ ರೂಢಿ. ನೆರಳನ್ನು ಎತ್ತಿದರೆ ಅಂತರ ಎಷ್ಟು ಪಟ್ಟು ಹಿಗ್ಗುತ್ತದೆಯೋ ಏರುಪೇರೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಹಿಗ್ಗುತ್ತದೆ, ಲಾಭವಿಲ್ಲ. ಶಾರ್ಪ್ ಮಾಡಿದರಂತೂ ನಷ್ಟವೇ, ಅದು ಪ್ರತಿ ಕಾಳನ್ನೂ ಅಂಚೆಂದು ತಿಳಿದು ಇನ್ನಷ್ಟು ಗಟ್ಟಿಮಾಡುತ್ತದೆ. ಸೆಲೆಕ್ಷನ್ ಮೊದಲು, ಇವೆಲ್ಲ ಆಮೇಲೆ.

ವೇಷ ಬಿಡಿಸಿಕೊಂಡು ಹೊಸ ಹಿನ್ನೆಲೆಯ ಮೇಲೆ ಕೂರಿಸಿದಾಗ ಇನ್ನೊಂದು ತೊಡಕು. ಕಾಳುಕಾಳಾದ ವೇಷ, ನುಣುಪಾದ ಹಿನ್ನೆಲೆ, ಅಂಚು ಎಷ್ಟು ಚೆನ್ನಾಗಿದ್ದರೂ ಅಂಟಿಸಿದ್ದು ಎಂದು ಕಣ್ಣು ಹಿಡಿದುಬಿಡುತ್ತದೆ. ವೇಷದ ನಾಯ್ಸ್ ಅನ್ನು ಹದವಾಗಿ ತಗ್ಗಿಸಿ, ಹಿನ್ನೆಲೆಗೆ ಚೂರು ನಾಯ್ಸ್ ಬೆರೆಸುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ವೇಷವನ್ನು ಹಿನ್ನೆಲೆಯಷ್ಟು ನುಣುಪು ಮಾಡಹೋದರೆ ಮುಖವರ್ಣಿಕೆ ಹಾಳಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಸಾಗದ ಜಾಗ ಒಂದಿದೆ. ಕಪ್ಪು ಕೂದಲು, ಹಿಂದೆ ಕಪ್ಪು ಆಕಾಶ. ಅಲ್ಲಿ ಎರಡರ ಸರಾಸರಿಯೇ ಒಂದು. ಏರುಪೇರನ್ನು ಸೊನ್ನೆಗೆ ಇಳಿಸಿದರೂ ಬೇರ್ಪಡಿಸಲು ಅಂತರವೇ ಇಲ್ಲ. ಅಂತಹ ಕಡೆ `Paths` ಉಪಕರಣ ಹಿಡಿದು, ತಲೆಯ ಆಕಾರ ಹೀಗಿರಬೇಕು ಎಂದು ಕಣ್ಣಂದಾಜಿನಲ್ಲಿ ಗೆರೆ ಎಳೆಯುವುದೊಂದೇ ದಾರಿ.

ಚಿತ್ರ ತೆಗೆದು ಮೇಳಗಳಿಗೆ, ಮುದ್ರಣದವರಿಗೆ ಕಳಿಸುವ ಗೆಳೆಯರಲ್ಲಿ ಒಂದು ಮನವಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕಿರಿದಾಗಿ, ಒತ್ತಿಹೋಗಿ ತಲಪುತ್ತದೆ. ಜೆಪೆಗ್ ಚಿತ್ರವನ್ನು ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ತುಂಡುಗಳಾಗಿ ಒತ್ತುತ್ತದೆ, ಹೆಚ್ಚು ಒತ್ತಿದಷ್ಟೂ ನಾಯ್ಸ್ ಆ ತುಂಡುಗಳೊಳಗೆ ಕಲೆಯಾಗಿ ಕೂರುತ್ತದೆ, ಆಮೇಲೆ ಯಾವ ಫಿಲ್ಟರೂ ಅದನ್ನು ಪೂರ್ತಿ ಬಿಡಿಸಲಾರದು. ಅದೇ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಕ್ಯಾಮೆರಾದಲ್ಲಿ ರಾ ಫೈಲ್ ಇದ್ದರೆ ಅದನ್ನೇ ಕಳಿಸಿ.